ಫೋಟೋ ಬಂತು, ಪ್ರಶ್ನೆ ಬರಲಿಲ್ಲ

(ಮಲೆನಾಡಿನ ಅಡಿಕೆ ಬೆಳೆಗಾರರ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಕೊಳೆರೋಗದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಖಂಡಿತ ಮಾತಾಡುತ್ತೇನೆ. ಆದರೆ ಅದನ್ನು ಬೇರೆ ದಾರಿಯಿಂದ ಶುರು ಮಾಡುತ್ತೇನೆ. ಮಳೆಗಾಲ ಬಂತು ಅಂದರೆ ನನ್ನಂಥ ಸಲಹೆ ಕೊಡುವವರ ಮೊಬೈಲಿಗೆ ಬೆಳಗಾದರೆ ಫೋಟೋಗಳು ಬರುತ್ತವೆ. ಉದುರಿದ ಕಾಯಿ, ಹಳದಿಯಾದ ಸೋಗೆ, ಔಷಧಿ ಬಾಟಲಿ, ಒಣಗಿದ ಹಿಂಗಾರ. ಫೋಟೋ ಮಾತ್ರ. ಮೇಲೆ ಒಂದಕ್ಷರ ಇಲ್ಲ, ಕೆಳಗೆ ಒಂದಕ್ಷರ ಇಲ್ಲ. ಕಳಿಸಿದವರು ಉತ್ತರಕ್ಕೆ ಕಾಯುತ್ತಿರುತ್ತಾರೆ. ಈ ಕಡೆ ನೋಡುವವರಿಗೆ ಏನು ಕೇಳಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಈ ನಡುವೆ ಮಳೆ ಬಿಟ್ಟ ಒಂದು ಹೊತ್ತು ಸುಮ್ನೆ ಕಳೆದುಹೋಗುತ್ತದೆ. ಕೊಳೆ ಬಿದ್ದ ತೋಟದಲ್ಲಿ ಆ ಒಂದು ಹೊತ್ತಿನ ಬೆಲೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಫೋಟೋ ತೆಗೆದುಕೊಳ್ಳೋಣ. ಜುಲೈ ತಿಂಗಳು. ಅಂಗೈ ಮೇಲೆ ನಾಲ್ಕೈದು ಎಳೆ ಅಡಿಕೆ ಇಟ್ಟು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ತೆಗೆದದ್ದು. ಕಾಯಿ ಒದ್ದೆ, ಲೆನ್ಸ್ ಮೇಲೂ ಒಂದು ಹನಿ. ಇಷ್ಟೇ. ನಿಮ್ಮ ಪ್ರಕಾರ ಇದರ ಅರ್ಥ ಸ್ಪಷ್ಟ ಅಲ್ವಾ? "ಕಾಯಿ ಉದುರ್ತಾ ಇದೆ, ಏನ್ಮಾಡಲಿ" ಅಂತ. ತೋಟದಲ್ಲಿ ನಿಂತವರಿಗೆ ಅದು ಅಷ್ಟೇ ಸ್ಪಷ್ಟ, ಯಾಕೆಂದರೆ ಫೋಟೋದಲ್ಲಿ ಇಲ್ಲದ್ದೆಲ್ಲ ಅವರ ಕಣ್ಣ ಮುಂದೆಯೇ ಇದೆ. ಮರ ಕಾಣುತ್ತದೆ, ಮರದ ಬುಡ ಕಾಣುತ್ತದೆ. ಹೋದ ವಾರ ಕೊನೆಗಾರ ಬಂದಿದ್ದು ನೆನಪಿದೆ, ಔಷಧಿ ಹೊಡೆದ ಮಧ್ಯಾಹ್ನವೇ ಮಳೆ ಹೊಡೆದದ್ದೂ ನೆನಪಿದೆ. ನೋಡುವವರಿಗೆ ಇದ್ಯಾವುದೂ ಇಲ್ಲ. ಅವರಿಗೆ ಕಾಣುವುದು ಒಂದು ಅಂಗೈ, ನಾಲ್ಕೈದು ಕಾಯಿ.

ಮೊದಲು ರೋಗದ ಮಾತು ನೋಡೋಣ. ಕೊಳೆ ಆದರೆ ಕಾಯಿಯ ತೊಟ್ಟಿನ ಕಡೆಯಿಂದ ನೀರು ಕುಡಿದ ಹಾಗೆ ಕಡುಹಸಿರು ಕಲೆ ಶುರುವಾಗುತ್ತದೆ, ಹಸಿರಿನ ಹೊಳಪು ಹೋಗುತ್ತದೆ, ಆಮೇಲೆ ಬಿಳಿ ಬೂಸಲು ಹಿಡಿಯುತ್ತದೆ. ಫೈಟಾಫ್ತೊರಾ ಅನ್ನುವ ರೋಗಾಣುವಿನ ಕೆಲಸ ಅದು. ತಿಗಣೆ ರಸ ಹೀರಿ ಉದುರಿದ ಕಾಯಿಯಾದರೆ ಹೊರಗೆ ಸೂಜಿ ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆ ಇರುತ್ತದೆ, ಸೀಳಿದರೆ ಒಳಗಿನ ತಿರುಳು ಕಪ್ಪಾಗಿರುತ್ತದೆ. ಇದೆರಡೂ ಅಲ್ಲದೆ ಮರ ತಾನಾಗಿಯೇ ಒಂದಿಷ್ಟು ಎಳೆಕಾಯಿ ಉದುರಿಸುವುದೂ ಉಂಟು. ಕಾಯಿ ಒದ್ದೆಯಿದ್ದು, ತೊಟ್ಟಿನ ಭಾಗ ಅಂಗೈ ಕಡೆಗೆ ತಿರುಗಿದ್ದರೆ ಈ ಮೂರರಲ್ಲಿ ಯಾವುದು ಅಂತ ಫೋಟೋ ನೋಡಿ ಹೇಳಲು ಆಗುವುದಿಲ್ಲ. ಮೈಲುತುತ್ತು ತಿಗಣೆಗೆ ಏನೂ ಮಾಡುವುದಿಲ್ಲ. ತಿಗಣೆಯ ಔಷಧಿ ಕೊಳೆಗೆ ಏನೂ ಮಾಡುವುದಿಲ್ಲ. ಹಾಗಾಗಿ ಅಂದಾಜಿನ ಮೇಲೆ ಉತ್ತರ ಕೊಟ್ಟರೆ ನಿಮ್ಮ ಕೂಲಿ, ಔಷಧಿ, ಒಂದು ದಿನ, ಮೂರೂ ದಂಡ.

ಇಲ್ಲಿವರೆಗೆ ಹೇಳಿದ್ದು ಫೋಟೋದ ಮಿತಿ. ಚೆನ್ನಾಗಿ ತೆಗೆದರೆ ಇದು ಸರಿಹೋಗುತ್ತದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ ಇದೆ. ಒಂದು ಒಳ್ಳೆಯ ಫೋಟೋ ಬಂತು ಅಂತಲೇ ಇಟ್ಟುಕೊಳ್ಳಿ. ಕಾಯಿ ಒರೆಸಿದ್ದಾರೆ, ತೊಟ್ಟು ಕಾಣುತ್ತದೆ, ಕಲೆ ಕಾಣುತ್ತದೆ, ನೋಡಿದ ಕೂಡಲೇ ಕೊಳೆ ಅಂತ ಗೊತ್ತಾಯಿತು. ಆಗಲೂ ನಾನೇನು ಬರೆಯಬೇಕು?

"ಕೊಳೆರೋಗ" ಅಂತ ಬರೆಯಲಾ? ನಲವತ್ತು ವರ್ಷ ತೋಟ ಮಾಡಿದವರಿಗೆ ಅದನ್ನು ಹೇಳಿದರೆ, ಇದು ನನಗೆ ಗೊತ್ತಿಲ್ವಾ ಅಂತ ಬೇಸರ ಬರುತ್ತದೆ. ನ್ಯಾಯವೇ. ಅವರಿಗೆ ಬೇಕಾಗಿದ್ದದ್ದು, ಜೂನ್ ಮೊದಲ ವಾರ ಬೋರ್ಡೋ ಹೊಡೆಸಿಯೂ ಯಾಕೆ ಬಂತು ಅನ್ನುವುದು. ಇನ್ನೊಬ್ಬರಿಗೆ ಬೇಕಾಗಿರುವುದು, ಎರಡನೇ ಸಿಂಪಡಣೆ ಈಗಲೇ ಮಾಡಿಸಲಾ, ಮಳೆ ಕಡಿಮೆಯಾಗಲಿ ಅಂತ ಕಾಯಲಾ ಅನ್ನುವುದು. ಮತ್ತೊಬ್ಬರು ಹೊಸದಾಗಿ ಊರಿಗೆ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತಿರುವ ಹುಡುಗ. ಅವನಿಗೆ ನಿಜವಾಗಿಯೂ ಹೆಸರೇ ಬೇಕು. ಬೆಳೆ ವಿಮೆಗೆ ಈ ಫೋಟೋ ಸಾಕಾಗುತ್ತದಾ ಅಂತ ಕೇಳುವ ಆಸೆಯಿಂದ ಕಳಿಸುವವರೂ ಇದ್ದಾರೆ. ಅಡಿಕೆಗೆ ಇರುವ ಹವಾಮಾನ ಆಧಾರಿತ ವಿಮೆ ಲೆಕ್ಕ ಹಾಕುವುದು ಮಳೆಮಾಪನ ಕೇಂದ್ರದ ಅಂಕಿ ನೋಡಿ. ಅವರಿಗೆ ಕೊಡಬೇಕಾದ ಉತ್ತರದಲ್ಲಿ ರೋಗದ ಮಾತೇ ಬರುವುದಿಲ್ಲ. ಕೊನೆಗೆ, ಏನೂ ಕೇಳದೆ "ನೋಡಿ, ಈ ಸಲ ನಮ್ಮಲ್ಲೂ ಶುರುವಾಯ್ತು" ಅಂತ ಸುದ್ದಿ ಮುಟ್ಟಿಸುವುದಕ್ಕೆ ಕಳಿಸಿದವರೂ ಇರುತ್ತಾರೆ. ಒಂದೇ ಫೋಟೋ. ಇಷ್ಟು ಜನರಿಗೆ ಇಷ್ಟು ಬೇರೆ ಬೇರೆ ಉತ್ತರ.

ನೋಡುವವರು ಏನು ಮಾಡುತ್ತಾರೆ ಹಾಗಾದರೆ? ಒಂದು, ಎಲ್ಲಕ್ಕೂ ಸೇರಿಸಿ ಉದ್ದ ಉತ್ತರ ಬರೆಯುತ್ತಾರೆ. ಅದರಲ್ಲಿ ನಿಮಗೆ ಬೇಕಾದ ಸಾಲು ಎಲ್ಲೋ ಮಧ್ಯೆ ಸೇರಿಹೋಗಿರುತ್ತದೆ. ಇಲ್ಲ ತಮಗೆ ತೋಚಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಅದು ನಿಮ್ಮ ಪ್ರಶ್ನೆ ಆಗಿರದೇ ಇರಬಹುದು. ಇಲ್ಲ "ಏನು ಹೇಳಿ?" ಅಂತ ಬರೆದು ಕಾಯುತ್ತಾರೆ. ಅಷ್ಟರಲ್ಲಿ ನೀವು ತೋಟಕ್ಕೆ ಇಳಿದಿರುತ್ತೀರಿ, ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅದನ್ನು ನೋಡುವುದು ರಾತ್ರಿ ಊಟ ಆದ ಮೇಲೆ. ಬಹಳ ಸಲ ಇನ್ನೊಂದು ಆಗುತ್ತದೆ. ಏನೂ ಬರೆಯುವುದಿಲ್ಲ. ಆಮೇಲೆ ಕೇಳೋಣ ಅಂತ ಬಿಡುತ್ತಾರೆ, ಮೇಲೆ ಬೇರೆ ಹತ್ತು ಮೆಸೇಜ್ ಬಂದು ನಿಮ್ಮದು ಕೆಳಗೆ ಹೋಗುತ್ತದೆ. ನೀಲಿ ಗೆರೆ ಬಿದ್ದದ್ದು ನಿಮಗೆ ಕಾಣುತ್ತದೆ. ನೋಡಿಯೂ ಉತ್ತರ ಕೊಡಲಿಲ್ಲ, ಅಹಂಕಾರ ಜಾಸ್ತಿ ಅಂದುಕೊಳ್ಳುತ್ತೀರಿ. ಆ ಕಡೆಯವರು ಪ್ರಶ್ನೆಯೇ ಇಲ್ಲದ್ದಕ್ಕೆ ಸುಮ್ಮನಾಗಿದ್ದರು ಅಷ್ಟೇ.

ಫೋಟೋ ಯಾವತ್ತಿನದು ಅನ್ನುವುದೂ ಗೊತ್ತಾಗುವುದಿಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಟ್ಸಾಪ್‌ನಲ್ಲಿ ಫೋಟೋ ಪಕ್ಕ ಕಾಣುವ ಸಮಯ ಕಳಿಸಿದ ಸಮಯ, ತೆಗೆದ ಸಮಯ ಅಲ್ಲ. ಕ್ಯಾಮೆರಾ ಫೋಟೋದೊಳಗೇ ದಿನಾಂಕ, ಕೆಲವು ಸಲ ಜಾಗವನ್ನೂ ಬರೆದಿಟ್ಟಿರುತ್ತದೆ, ಆದರೆ ಮಾಮೂಲಿ ಫೋಟೋ ಥರ ಕಳಿಸಿದಾಗ ವಾಟ್ಸಾಪ್ ಅದನ್ನು ತೆಗೆದುಹಾಕಿ, ಚಿತ್ರವನ್ನೂ ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ, ಹಾಗೆ ಕಳಿಸುವವರು ಕಡಿಮೆ. ಅದಕ್ಕೆ, ನಿಮ್ಮ ತೋಟದ್ದಾ, ಭಾವನ ತೋಟದ್ದಾ, ಯಾವುದೋ ಗ್ರೂಪಿನಿಂದ ಬಂದದ್ದಾ, ಇವತ್ತಿನದಾ, ಹೋದ ವಾರದ್ದಾ, ಯಾವುದೂ ನನಗೆ ತಿಳಿಯುವುದಿಲ್ಲ. ಕೊಳೆಯ ವಿಷಯದಲ್ಲಿ ನಾಲ್ಕು ದಿನ ಹಳೆಯ ಫೋಟೋ ಅಂದರೆ ಬೇರೆಯೇ ತೋಟ. ಮೊದಲ ದಿನ ಒಂದು ಕೊನೆಯಲ್ಲಿದ್ದದ್ದು ಅಷ್ಟರಲ್ಲಿ ಅಕ್ಕಪಕ್ಕದ ಮರಕ್ಕೂ ಹೋಗಿರುತ್ತದೆ.

ಇನ್ನು ಹಳದಿ ಸೋಗೆ. ಇದು ನನಗೆ ಕೊಳೆಗಿಂತ ಕಷ್ಟ. ಒಂದು ಸೋಗೆಯನ್ನು ಹತ್ತಿರದಿಂದ ತೆಗೆದು ಕಳಿಸುತ್ತಾರೆ. ಹಳದಿ ಕಾಣುತ್ತದೆ. ಆದರೆ ಮರದಲ್ಲಿ ಅದು ಕೆಳಗಿನ ಹಳೆ ಸೋಗೆಯಾ, ಸುಳಿಯ ಹತ್ತಿರದ್ದಾ? ಸಾರಜನಕ, ಮೆಗ್ನೀಸಿಯಮ್ ಕೊರತೆಯಾದರೆ ಮೊದಲು ಹಳದಿಯಾಗುವುದು ಹಳೆ ಎಲೆ. ಕಬ್ಬಿಣದ ಕೊರತೆಯಾದರೆ ಎಳೆ ಎಲೆ. ಬಸಿಗಾಲುವೆ ಕಟ್ಟಿಕೊಂಡು ಬೇರು ನೀರಲ್ಲಿ ನಿಂತರೂ ಹಳದಿ. ಶೃಂಗೇರಿ, ಕೊಪ್ಪ, ಸುಳ್ಯ ಕಡೆಯವರಿಗೆ ಗೊತ್ತಿರುವ ಹಳದಿ ಎಲೆ ರೋಗವಾದರೆ ಗರಿಯ ತುದಿಯಿಂದ ಹಳದಿ ಇಳಿಯುತ್ತದೆ, ನಡುನರ ಹಸಿರಾಗಿ ಉಳಿಯುತ್ತದೆ. ಅದಕ್ಕೆ ಇವತ್ತಿಗೂ ಗುಣ ಮಾಡುವ ಔಷಧಿ ಇಲ್ಲ. ಈಗ ಬರೀ ಫೋಟೋ ಕಳಿಸಿದವರ ಮನಸ್ಸಿನಲ್ಲಿ ಏನಿದೆ? "ಗೊಬ್ಬರ ಏನು ಹಾಕಲಿ" ಅಂತಲಾ, "ಈ ತೋಟ ತೆಗೆದುಬಿಡಲಾ" ಅಂತಲಾ? ಎರಡನೆಯದು ಒಂದು ಮನೆಯ ಜೀವನದ ಪ್ರಶ್ನೆ. ಅದಕ್ಕೆ "ಮೆಗ್ನೀಸಿಯಮ್ ಸಲ್ಫೇಟ್ ಹಾಕಿ" ಅಂತ ಒಂದು ಸಾಲು ಬರೆದು ಕಳಿಸಿದರೆ ಎಷ್ಟು ಕೆಟ್ಟದಾಗಿರುತ್ತದೆ ಯೋಚಿಸಿ. ಕೇಳಿದವರ ಭಯ ಏನು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ.

ಗ್ರೂಪಿಗೆ ಹಾಕಿದರಂತೂ ಇನ್ನೂ ಗೊಂದಲ. ಉದುರಿದ ಕಾಯಿಯ ಬರೀ ಫೋಟೋ ಬೀಳುತ್ತದೆ. ಒಬ್ಬರು "ಕೊಳೆ" ಅಂತಾರೆ. ಒಬ್ಬರು ಯಾವುದೋ ಔಷಧಿ ಹೆಸರು ಹಾಕುತ್ತಾರೆ, ಪ್ರಮಾಣ ಇಲ್ಲ. ಒಬ್ಬರು "ನಮ್ಮಲ್ಲೂ ಹಾಗೇ" ಅಂತಾರೆ. ಇನ್ನೊಬ್ಬರು ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೆ ಪ್ರತಿಯೊಬ್ಬರೂ ತಾವೇ ಒಂದು ಪ್ರಶ್ನೆ ಕಲ್ಪಿಸಿಕೊಂಡು ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಸುಮ್ಮನೆ ಓದುತ್ತಿದ್ದ ಇನ್ಯಾರೋ ಆ ಔಷಧಿ ಹೆಸರು ಬರೆದುಕೊಂಡು ಮಾರನೇ ದಿನ ಅಂಗಡಿಗೆ ಹೋಗುತ್ತಾರೆ. ಅವರ ತೋಟದ ತೊಂದರೆ ಬೇರೆಯೇ ಇರುತ್ತದೆ. ನನಗೆ ತುಂಬ ಹೆದರಿಕೆ ಇರುವುದು ಇದರ ಬಗ್ಗೆ.

ಯಾಕೆ ಬರೆಯುವುದಿಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ಕೈ ಒದ್ದೆ, ಮೈಲುತುತ್ತು ಹತ್ತಿದೆ, ಕನ್ನಡ ಟೈಪ್ ಮಾಡೋದು ರಗಳೆ. ತಪ್ಪು ಬರೆದರೆ ನಗುತ್ತಾರೇನೋ ಅನ್ನುವ ಸಂಕೋಚ ಹಲವರಿಗಿದೆ, ಹೆಣ್ಣುಮಕ್ಕಳಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ದೊಡ್ಡವರಿಗೆ ಹೀಗೆ ಮಾಡಿ ಹಾಗೆ ಹೇಳಿ ಅಂತ ಬರೆಯೋದು ಮರ್ಯಾದೆ ಅಲ್ಲ, ಅವರೇ ನೋಡಿ ತಿಳಿದುಕೊಳ್ಳುತ್ತಾರೆ ಅಂತ ಗೌರವದಿಂದ ಸುಮ್ಮನಿರುವವರೂ ಇದ್ದಾರೆ. ದಯವಿಟ್ಟು ಆ ಗೌರವ ಇಲ್ಲಿ ಬೇಡ. ಕೇಳಿಬಿಡಿ.

ಹಾಗಾದರೆ ಎಷ್ಟು ಬರೆದರೆ ಸಾಕು? ಕಥೆ ಬೇಡ. ಇದು ನೋಡಿ, ಇಂಥದ್ದು ಬಂದರೆ ನನಗೆ ಹಬ್ಬ:

"ತೀರ್ಥಹಳ್ಳಿ ಹತ್ತಿರ, ನಮ್ಮದೇ ತೋಟ, ಮರಕ್ಕೆ ಹನ್ನೆರಡು ವರ್ಷ. ಜೂನ್ ಮೊದಲ ವಾರ ಬೋರ್ಡೋ ಹೊಡೆಸಿದ್ದೆ. ನಾಲ್ಕು ದಿನದಿಂದ ಕಾಯಿ ಉದುರ್ತಾ ಇದೆ, ಕೆಳಗಿನ ತುಂಡಲ್ಲಿ ಮಾತ್ರ. ಎರಡನೇ ಸಲ ಈಗಲೇ ಹೊಡೆಸಲಾ, ಮಳೆ ಬಿಡೋವರೆಗೆ ಕಾಯಲಾ?"

ಇದರಲ್ಲಿ ಪ್ರತಿ ಮಾತೂ ಕೆಲಸ ಮಾಡುತ್ತದೆ. ಜೂನ್ ಮೊದಲ ವಾರ ಅಂದ ಕೂಡಲೇ ನಾನು ದಿನ ಎಣಿಸುತ್ತೇನೆ. ಎರಡನೇ ಸಿಂಪಡಣೆ ಮೊದಲನೆಯದಾದ ನಲವತ್ತು, ನಲವತ್ತೈದು ದಿನಕ್ಕೆ ಆಗಬೇಕು, ಅಂದರೆ ಜುಲೈ ಮಧ್ಯದ ಹೊತ್ತಿಗೆ ಸಮಯ ಆಗಿಯೇ ಬಿಟ್ಟಿದೆ. ಕೆಳಗಿನ ತುಂಡಲ್ಲಿ ಮಾತ್ರ ಅಂದದ್ದು ನೋಡಿ ಅಲ್ಲಿ ನೀರು ನಿಲ್ಲುತ್ತದಾ, ಗಾಳಿ ಆಡುತ್ತದಾ ಅಂತ ಕೇಳುತ್ತೇನೆ. ಕೊನೆಯ ಸಾಲಿನಲ್ಲಿ ಪ್ರಶ್ನೆ ಇದೆ. ಅದಕ್ಕೆ ನೇರ ಉತ್ತರ ಇದೆ: ಮಳೆ ಪೂರ್ತಿ ಬಿಡಲಿ ಅಂತ ಕಾಯಬೇಡಿ, ಮೊದಲು ಸಿಕ್ಕ ಬಿಡುವಿನಲ್ಲೇ ಹೊಡೆಸಿ. ಅದಕ್ಕೂ ಮೊದಲು ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಿ ನಾಶ ಮಾಡಿ, ಕೊಳೆತ ಕೊನೆ ಇಳಿಸಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ.

ಅಷ್ಟು ಹೇಳಿದ ಮೇಲೆ ನಾನು ಒಂದು ವಾಪಸ್ ಪ್ರಶ್ನೆ ಕೇಳಬಹುದು, ಅದು ಮಾತು ಮುಂದೆ ಹೋಗುವ ಪ್ರಶ್ನೆ. ಸುಣ್ಣ ಹೇಗಿತ್ತು? ಹಳೆ ಸುಣ್ಣ, ಗಾಳಿಗೆ ಬಿಟ್ಟ ಸುಣ್ಣ ಹಾಕಿದರೆ ಲೆಕ್ಕಕ್ಕೆ ಒಂದು ಕೆ.ಜಿ. ಇರುತ್ತದೆ, ಕೆಲಸಕ್ಕೆ ಇರುವುದಿಲ್ಲ. ತಯಾರಾದ ದ್ರಾವಣದಲ್ಲಿ ಉಜ್ಜಿ ತೊಳೆದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಡಿ. ತೆಗೆದಾಗ ಅಲಗಿನ ಮೇಲೆ ಕೆಂಪು ಕೆಂಪಾಗಿ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ನೋಡಿ. ಈ ಕತ್ತಿಯ ಫೋಟೋವನ್ನೇ ಒಬ್ಬರು ಕಳಿಸಿದ್ದರು. ಕತ್ತಿ ಮಾತ್ರ, ಬೇರೇನೂ ಇಲ್ಲ. ನಾನು ಏನಂದುಕೊಳ್ಳಲಿ? ಕೊನೆಗೆ ಫೋನ್ ಮಾಡಿ ಕೇಳಿದೆ. "ಅಲ್ಲ ಮಾರಾಯ್ರೇ, ಇಷ್ಟು ಕೆಂಪಾದ್ರೆ ಪರವಾಗಿಲ್ವಾ ಅಂತ ಕೇಳಿದ್ದು, ಡ್ರಮ್ ಮುಂದೆ ನಿಂತಿದ್ದೀನಿ" ಅಂದರು. ಎಷ್ಟು ಒಳ್ಳೆ ಪ್ರಶ್ನೆ ನೋಡಿ. ಅದೇ ಒಂದು ಸಾಲನ್ನು ಬರೆದಿದ್ದರೆ ಒಂದು ನಿಮಿಷದ ಕೆಲಸ.

ಟೈಪ್ ಮಾಡೋಕೆ ಆಗದಿದ್ದರೆ ವಾಯ್ಸ್ ಕಳಿಸಿ. ಹದಿನೈದು ಸೆಕೆಂಡ್ ಸಾಕು. ಮಾಮೂಲಿ ಹೇಗೆ ಮಾತಾಡುತ್ತೀರೋ ಹಾಗೇ. ವಾಯ್ಸ್‌ನಲ್ಲಿ ಇನ್ನೊಂದು ಅನುಕೂಲ ಇದೆ, ಗಾಬರಿಯಾಗಿದ್ದೀರಾ, ನಿಧಾನವಾಗಿ ಕೇಳುತ್ತಿದ್ದೀರಾ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ಫೋಟೋ ಮೊದಲು, ವಾಯ್ಸ್ ಅದರ ಬೆನ್ನಿಗೇ. ಮಧ್ಯೆ ಅರ್ಧ ಗಂಟೆ ಬಿಟ್ಟರೆ ಯಾವ ಫೋಟೋಗೆ ಯಾವ ಮಾತು ಅಂತ ತಿಳಿಯುವುದಿಲ್ಲ.

ಫೋಟೋ ಕಳಿಸುವುದಾದರೆ ಎರಡು ಕಳಿಸಿ: ಒಂದರಲ್ಲಿ ಇಡೀ ಮರ, ಇನ್ನೊಂದರಲ್ಲಿ ಒರೆಸಿದ ಕಾಯಿ ತೊಟ್ಟು ಕಾಣುವ ಹಾಗೆ. ಬೇರೆ ಹತ್ತು ಬೇಡ. ಹತ್ತು ಫೋಟೋ ಬಂದರೂ ಪ್ರಶ್ನೆ ಇಲ್ಲದಿದ್ದರೆ ನಾನು ಅಲ್ಲೇ ಇರುತ್ತೇನೆ.

ಸಭೆಯಲ್ಲಿ ಬಂದ ಪ್ರಶ್ನೆಗಳು:

*ಸರ್, ಔಷಧಿ ಬಾಟಲಿ ಫೋಟೋ ಕಳಿಸಿದ್ರೆ ಆಗುತ್ತಲ್ಲ? ಅದರ ಮೇಲೆ ಎಲ್ಲ ಬರೆದೇ ಇರುತ್ತೆ.*

ಬಾಟಲಿ ಮೇಲೆ ಔಷಧಿಯ ವಿಷಯ ಬರೆದಿರುತ್ತದೆ, ನಿಮ್ಮ ಪ್ರಶ್ನೆ ಬರೆದಿರುವುದಿಲ್ಲ. ಇದನ್ನು ತಗೊಳ್ಳಲಾ ಅಂತಲಾ? ತಗೊಂಡಾಯ್ತು, ಲೀಟರಿಗೆ ಎಷ್ಟು ಅಂತಲಾ? ಬೋರ್ಡೋ ಜೊತೆ ಬೆರೆಸಲಾ ಅಂತಲಾ? ಕೊನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ, ಬೆರೆಸಬೇಡಿ. ಬೋರ್ಡೋದಲ್ಲಿ ಸುಣ್ಣ ಇದೆ, ಬೇರೆ ಎಷ್ಟೋ ಔಷಧಿ ಅದರ ಜೊತೆ ಕೆಡುತ್ತದೆ. ಬಾಟಲಿ ಫೋಟೋ ಬಂದಾಗ ನನ್ನ ಎದೆ ಒಂದು ಸಲ ಧಸಕ್ ಅನ್ನುತ್ತದೆ, ಅದಕ್ಕೆ ಕಾರಣ ಇನ್ನೊಂದಿದೆ. ಯಾರೋ ಅದನ್ನು ಕುಡಿದಿರಬಹುದು, ಹೊಡೆಯುವಾಗ ತಲೆ ಸುತ್ತಿ ಬಿದ್ದಿರಬಹುದು. ಬರೀ ಫೋಟೋ ನೋಡಿದರೆ ಅದೂ ಹಾಗೇ ಕಾಣುತ್ತದೆ, ಲೀಟರಿಗೆ ಎಷ್ಟು ಅಂತ ಕೇಳಿದ್ದೂ ಹಾಗೇ ಕಾಣುತ್ತದೆ. ಅಂಥದ್ದೇನಾದರೂ ಆದರೆ ನನಗೆ ಫೋಟೋ ಕಳಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನು ಜೊತೆಗೇ ತಗೊಂಡು ಹೋಗಿ. ಬಾಟಲಿ ಮೇಲಿನ ಬಣ್ಣದ ಗುರುತು ವಿಷ ಎಷ್ಟು ತೀವ್ರ ಅಂತ ಹೇಳುತ್ತದೆ, ಕೆಂಪು ಇದ್ದರೆ ಅತಿ ತೀವ್ರ. ಅದರ ಜೊತೆಗಿರುವ ಔಷಧಿಯ ಹೆಸರು ನೋಡಿ ಡಾಕ್ಟರು ಮುಂದಿನದು ಮಾಡುತ್ತಾರೆ.

*ನಾವು ಮಂಡಿಗೂ ಹೀಗೇ ಅಡಿಕೆ ಫೋಟೋ ಕಳಿಸ್ತೀವಿ. ಅವರು ರೇಟ್ ಹೇಳ್ತಾರೆ. ಅಲ್ಲಿ ನಡೀತದಲ್ಲ?*

ಅಲ್ಲಿ ನಡೆಯುತ್ತದೆ, ಯಾಕೆಂದರೆ ಮಂಡಿಗೆ ಅಡಿಕೆ ಫೋಟೋ ಕಳಿಸುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅವರೂ ನೀವೂ ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದಿದ್ದೀರಿ, ಮಾತು ಇಲ್ಲದೆಯೂ ಪ್ರಶ್ನೆ ಇಬ್ಬರಿಗೂ ಗೊತ್ತು. ಆದರೂ ರಾಶಿಯಾ ಬೆಟ್ಟೆಯಾ, ಎಷ್ಟು ಕ್ವಿಂಟಾಲ್ ಇದೆ, ಇವತ್ತೇ ಕೊಡುವವರಾ ಸುಮ್ನೆ ದರ ತಿಳಿಯಲಿಕ್ಕೆ ಕೇಳಿದ್ದಾ ಅನ್ನುವುದನ್ನು ಅವರು ಮತ್ತೆ ಕೇಳೇ ಕೇಳುತ್ತಾರೆ. ಹೊಸ ವ್ಯಾಪಾರಿಗೆ ಬರೀ ಫೋಟೋ ಕಳಿಸಿ ನೋಡಿ, ಮೊದಲು "ಯಾರು?" ಅಂತ ಬರುತ್ತದೆ.

*ಬರೀ ಫೋಟೋ ಹೋಗೇಬಿಟ್ಟಿದ್ರೆ ಏನ್ಮಾಡೋದು? ಅಳಿಸಿ ಮತ್ತೆ ಕಳಿಸಬೇಕಾ?*

ಬೇಡ. ಅಳಿಸಿದರೆ ಆ ಕಡೆಯವರಿಗೆ ಏನೋ ಅಳಿಸಿದ್ದಾರೆ ಅಂತ ಮಾತ್ರ ಕಾಣುತ್ತದೆ, ಅದು ಇನ್ನೊಂದು ಗೊಂದಲ. ನೀವು ಕಳಿಸಿದ ಫೋಟೋ ಮೇಲೆ ಬೆರಳಿಟ್ಟು ಬಲಕ್ಕೆ ಎಳೆಯಿರಿ. ಆ ಫೋಟೋ ಚಿಕ್ಕದಾಗಿ ಕೆಳಗೆ, ಬರೆಯುವ ಜಾಗದ ಮೇಲೆ ಬಂದು ಕೂರುತ್ತದೆ. ಈಗ ಬರೆಯಿರಿ, ಇಲ್ಲ ಮೈಕ್ ಒತ್ತಿ ಮಾತಾಡಿ. ಯಾವ ಫೋಟೋದ ಬಗ್ಗೆ ಕೇಳುತ್ತಿದ್ದೀರಿ ಅನ್ನುವುದು ಮಾತಿನ ಜೊತೆಗೇ ಹೋಗುತ್ತದೆ. ಮುಂದಿನ ಸಲದಿಂದ ಫೋಟೋ ಆರಿಸಿದ ಮೇಲೆ, ಕಳಿಸುವ ಗುಂಡಿ ಒತ್ತುವ ಮೊದಲು ಕೆಳಗೆ ಒಂದು ಉದ್ದ ಖಾಲಿ ಜಾಗ ಕಾಣುತ್ತದಲ್ಲ, ಅಲ್ಲೇ ಬರೆದುಬಿಡಿ. ಬನ್ನಿ, ಈಗ ಯಾರದ್ದಾದರೂ ಮೊಬೈಲ್ ಕೊಡಿ, ಮಾಡಿ ತೋರಿಸುತ್ತೇನೆ.